ಟ್ಯೂಷನ್ ಕ್ಲಾಸಿಗೆ ವೈಫೈ: ಮೂವತ್ತು ಫೋನ್ ಒಟ್ಟಿಗೆ ಕೂತಾಗ ಎಲ್ಲಿ ಕೈಕೊಡತ್ತೆ, ಹೇಗೆ ಸರಿ ಮಾಡೋದು

ನಮ್ಮಕ್ಕ ಮನೇಲೇ ಟ್ಯೂಷನ್ ಮಾಡ್ತಾಳೆ. ಸಂಜೆ ನಾಲ್ಕಕ್ಕೆ ಒಂದು ಬ್ಯಾಚು, ಐದಕ್ಕೆ ಒಂದು, ಆರಕ್ಕೆ ಒಂದು, ಒಂದೊಂದರಲ್ಲೂ ಮೂವತ್ತು ಮಕ್ಕಳು. ಪಾಠ ಮುಗಿದ ಮೇಲೆ ಫೋನಲ್ಲೇ ಒಂದು ಸಣ್ಣ ಟೆಸ್ಟು, ಒಂದು ಪಿಡಿಎಫ್ ನೋಟ್ಸು, ಒಂದೊಂದು ದಿನ ಏನಾದ್ರೂ ವಿಡಿಯೋ, ಆಮೇಲೆ ನೋಟ್‌ಬುಕ್ಕಲ್ಲಿ ಬರೆದ ಉತ್ತರದ ಫೋಟೋ ತೆಗೆದು ಕಳಿಸೋದು. ಇಷ್ಟೇ ಕೆಲಸ. ಇಷ್ಟಕ್ಕೇ ವೈಫೈ ದಿನಾ ಸಂಜೆ ಮುಷ್ಕರ ಹೂಡ್ತಿತ್ತು. ಮೊದಲನೇ ಬ್ಯಾಚಿಗೆ ಎಲ್ಲಾ ಚೆನ್ನಾಗಿ ನಡೀತಿತ್ತು, ಎರಡನೇದಕ್ಕೆ ಅರ್ಧ ಜನಕ್ಕೆ ಸಿಗ್ತಿತ್ತು, ಮೂರನೇದಕ್ಕೆ ಯಾರಿಗೂ ಇಲ್ಲ.

ಇಂಟರ್ನೆಟ್ ಲೈನ್ ಕೊಟ್ಟೋರಿಗೆ ಫೋನ್ ಮಾಡಿದ್ಲು. ಅವ್ರು ಮೂವತ್ತು ಫೋನಿಗೆ 50 ಎಂಬಿಪಿಎಸ್ ಎಲ್ಲಿ ಸಾಕಾಗತ್ತೆ ಮೇಡಂ, 100ಕ್ಕೆ ಹೋಗಿ ಅಂದ್ರು. ಹೋದ್ಲು. ಏನೂ ಬದಲಾಗ್ಲಿಲ್ಲ, ಆಮೇಲೆ ನನಗೆ ಫೋನ್ ಬಂತು, "ನೀನು ಕಂಪ್ಯೂಟರ್ ಕಂಪ್ಯೂಟರ್ ಅಂತ ಇರ್ತೀಯಲ್ಲ, ಬಂದು ನೋಡೋ ಸ್ವಲ್ಪ" ಅಂತ. ಹೋಗಿ ನೋಡಿದ್ದು, ತಪ್ಪು ಮಾಡಿದ್ದು, ಸರಿ ಮಾಡಿದ್ದು ಎಲ್ಲಾ ಅದೇ ಕ್ರಮದಲ್ಲಿ ಬರೀತೀನಿ. ಒಂದೇ ರೂಮು, ಮೂವತ್ತು ಫೋನು ಅನ್ನೋ ಲೆಕ್ಕಕ್ಕೆ ಇದು. ಮೂರು ಮಹಡಿ, ಇನ್ನೂರು ಮಕ್ಕಳು ಅಂದ್ರೆ ಅದು ಬೇರೆ ಕಥೆ.

## ಮೊದಲು ಲೈನ್ ಸಾಕಾ ಅಂತ ಲೆಕ್ಕ ಹಾಕಿ

ಪ್ಲಾನ್ ಬದಲಾಯಿಸೋಕೆ ಮುಂಚೆ ಒಂದು ಪೇಪರ್ ಮೇಲೆ ಲೆಕ್ಕ ಮಾಡಿ, ಐದು ನಿಮಿಷ ಸಾಕು. ಯೂಟ್ಯೂಬ್ ವಿಡಿಯೋ 480ಪಿ ಕ್ವಾಲಿಟಿಲಿ ನೋಡೋಕೆ ಒಂದು ಫೋನಿಗೆ ಸುಮಾರು 1.1 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 1.1 ಮೆಗಾಬಿಟ್ ಬೇಕು, 720ಪಿ ಆದ್ರೆ 2.5. ಅಂದ್ರೆ ಮೂವತ್ತೂ ಜನ ಒಟ್ಟಿಗೆ 480ಪಿ ನೋಡಿದ್ರೆ 33, 720ಪಿ ನೋಡಿದ್ರೆ 75. ಫೋನಿನ ಸ್ಕ್ರೀನಲ್ಲಿ ಪಾಠದ ವಿಡಿಯೋ ನೋಡೋಕೆ 480ಪಿ ಧಾರಾಳವಾಗಿ ಸಾಕು.

ಪಿಡಿಎಫ್ ಲೆಕ್ಕ ಬೇರೆ, ಅದು ಒಂದೇ ಸಲಕ್ಕೆ ನುಗ್ಗತ್ತೆ. 5 ಎಂಬಿ ನೋಟ್ಸನ್ನ ಮೂವತ್ತು ಜನ ಇಳಿಸಿದ್ರೆ 150 ಎಂಬಿ, ಒಂದು ಎಂಬಿಗೆ 8 ಮೆಗಾಬಿಟ್ ಲೆಕ್ಕದಲ್ಲಿ 1200 ಮೆಗಾಬಿಟ್. 50ರ ಲೈನಲ್ಲಿ ಕಮ್ಮಿ ಅಂದ್ರೂ 24 ಸೆಕೆಂಡು, 100ರ ಲೈನಲ್ಲಿ 12 ಸೆಕೆಂಡು. ನಿಜವಾಗಿ ಅದಕ್ಕಿಂತ ಸ್ವಲ್ಪ ಜಾಸ್ತಿನೇ ಹಿಡಿಯತ್ತೆ, ಆದ್ರೂ ಯಾರೂ ಸಾಯಲ್ಲ. ಸೋ ನಮ್ಮಕ್ಕನ ಹಳೇ 50ರ ಲೈನೇ ಈ ಕೆಲಸಕ್ಕೆ ಸಾಕಾಗಿತ್ತು, ತೊಂದರೆ ಬೇರೆಲ್ಲೋ ಇತ್ತು.

ಎಲ್ಲರೂ ಮರೆಯೋದು ಅಪ್‌ಲೋಡ್. ಪ್ಲಾನ್ ಹೆಸರಲ್ಲಿರೋ ದೊಡ್ಡ ನಂಬರ್ ಡೌನ್‌ಲೋಡಿಂದು, ಕೆಲವು ಲೈನಲ್ಲಿ ಅಪ್‌ಲೋಡ್ ಅದರ ಐದನೇ ಒಂದು ಭಾಗನೂ ಇರಲ್ಲ. ನಮ್ಮಕ್ಕಂದು 20 ಇತ್ತು. ಮೂವತ್ತು ಮಕ್ಕಳು ತಲಾ 3 ಎಂಬಿ ಫೋಟೋ ಕಳಿಸಿದ್ರೆ 720 ಮೆಗಾಬಿಟ್, 20ರ ಲೈನಲ್ಲಿ 36 ಸೆಕೆಂಡು. ಆ ಟೈಮಲ್ಲಿ ಡೌನ್‌ಲೋಡೂ ನಿಂತ ಹಾಗೇ ಅನ್ಸತ್ತೆ, ಯಾಕಂದ್ರೆ ಪೇಜ್ ಬೇಕು ಅಂತ ಕೇಳೋ ರಿಕ್ವೆಸ್ಟೂ, ಬಂತು ಅಂತ ಹೇಳೋ ಉತ್ತರಾನೂ ಅದೇ ಕಿರಿದಾದ ಬಾಗಿಲಲ್ಲೇ ಫೋಟೋಗಳ ಹಿಂದೆ ಕ್ಯೂ ನಿಂತಿರತ್ತೆ. ಇದಕ್ಕೆ ಆಮೇಲೆ ಬರ್ತೀನಿ.

## ವಿಳಾಸ ಖಾಲಿಯಾಗೋದು, ಯಾರೂ ಹುಡುಕದ ತೊಂದರೆ

ಎರಡನೇ ಬ್ಯಾಚ್ ಬಂದಾಗ ನಾನು ಒಬ್ಬ ಹುಡುಗನ ಪಕ್ಕ ಕೂತು ಅವನ ಫೋನ್ ನೋಡ್ತಿದ್ದೆ. ಪಾಸ್‌ವರ್ಡ್ ತಗೊಳ್ತು, ಸಿಗ್ನಲ್ ಫುಲ್ ಇದೆ, ಆದ್ರೆ `Obtaining IP address` ಅಂತ ಬಂದು ಅಲ್ಲೇ ತಿರುಗ್ತಾ ಇತ್ತು, ಸ್ವಲ್ಪ ಹೊತ್ತಾದ ಮೇಲೆ ಬಿಟ್ಟೇಬಿಡ್ತು. ಪಕ್ಕದ ಹುಡುಗೀದು ಐಫೋನು, ಅದು ಸೇರಿದ ಹಾಗೆ ತೋರಿಸ್ತಿತ್ತು, ಆದ್ರೆ ವೈಫೈ ಡೀಟೇಲ್ಸ್ ಒಳಗೆ ಹೋಗಿ ನೋಡಿದ್ರೆ ಐಪಿ ವಿಳಾಸ `169.254` ಇಂದ ಶುರುವಾಗ್ತಿತ್ತು. ಈ ಎರಡರಲ್ಲಿ ಒಂದು ಕಂಡ್ರೆ ಸಾಕು, ಕಾಯಿಲೆ ಗೊತ್ತಾಯ್ತು ಅಂತ್ಲೇ ಲೆಕ್ಕ. ಫೋನಿಗೆ ರೂಟರಿಂದ ವಿಳಾಸ ಸಿಕ್ಕಿಲ್ಲ, `169.254` ಅನ್ನೋದು ಫೋನ್ ತಾನೇ ಕೈಲಾಗದೆ ಹಾಕ್ಕೊಂಡ ವಿಳಾಸ.

ಏನಾಗತ್ತೆ ಅಂದ್ರೆ, ವೈಫೈಗೆ ಸೇರೋ ಪ್ರತಿ ಫೋನಿಗೂ ರೂಟರ್ ಒಂದು ನಂಬರ್ ಕೊಡತ್ತೆ, ಆ ಕೆಲಸ ಮಾಡೋದಕ್ಕೆ ಡಿಎಚ್‌ಸಿಪಿ ಅಂತಾರೆ. ಲಾಡ್ಜಲ್ಲಿ ರೂಮಿನ ಕೀ ಕೊಟ್ಟ ಹಾಗೆ. ಎಷ್ಟು ಕೀ ಇದೆ ಅನ್ನೋದು ಸೆಟ್ಟಿಂಗಲ್ಲಿರತ್ತೆ, ಒಂದು ಕೀ ಎಷ್ಟು ಹೊತ್ತು ಒಬ್ಬರ ಹೆಸರಲ್ಲಿರತ್ತೆ ಅನ್ನೋದೂ ಇರತ್ತೆ. ಅಕ್ಕನ ರೂಟರಲ್ಲಿ `192.168.1.100` ಇಂದ `192.168.1.149` ತನಕ, ಅಂದ್ರೆ ಬರೀ 50 ಕೀ, ಒಂದೊಂದೂ 24 ಗಂಟೆಗೆ. ಮನೆಯ ಟಿವಿ, ಲ್ಯಾಪ್‌ಟಾಪು, ಫೋನು ಸೇರಿ 6 ಹೋಯ್ತು. ಮೊದಲನೇ ಬ್ಯಾಚು 30 ತಗೊಂಡು ಮನೆಗೆ ಹೋದ್ರು, ಮಕ್ಕಳು ಹೋದ್ರೂ ಕೀ ಅವರ ಹೆಸರಲ್ಲೇ ನಾಳೆ ಸಂಜೆ ತನಕ ಇರತ್ತೆ. ಉಳಿದಿದ್ದು 14. ಎರಡನೇ ಬ್ಯಾಚಲ್ಲಿ ಮೊದಲು ಬಂದ 14 ಜನಕ್ಕೆ ಸಿಕ್ತು, 16 ಜನಕ್ಕೆ ಇಲ್ಲ. ಮೂರನೇದಕ್ಕೆ ಸೊನ್ನೆ.

ಇದ್ರಲ್ಲಿ ದಾರಿ ತಪ್ಪಿಸೋ ವಿಷ್ಯ ಎರಡಿದೆ. ಒಂದು, ಮಾರನೇ ದಿನ ನಾಲ್ಕರ ಬ್ಯಾಚಿನ ಫೋನುಗಳು ಬಂದಾಗ ರೂಟರ್ ಸಾಮಾನ್ಯವಾಗಿ ಅದೇ ಹಳೇ ನಂಬರನ್ನೇ ಕೊಡತ್ತೆ, ಸೋ ದಿನಾ ಅದೇ ಮಕ್ಕಳಿಗೆ ಸಿಗತ್ತೆ, ದಿನಾ ಅದೇ ಮಕ್ಕಳಿಗೆ ಸಿಗಲ್ಲ. ಅಕ್ಕ ಇದನ್ನ ನೋಡಿ "ಆರರ ಬ್ಯಾಚಿನ ಮಕ್ಕಳ ಫೋನೇ ಸರಿಯಿಲ್ಲ" ಅಂತ ತೀರ್ಮಾನ ಮಾಡ್ಬಿಟ್ಟಿದ್ಲು. ಎರಡು, ರೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗ್ತಿತ್ತು, ಯಾಕಂದ್ರೆ ಮನೆಗೆ ಹಾಕೋ ತುಂಬಾ ರೂಟರುಗಳು ಆಫ್ ಆದಾಗ ಯಾರಿಗೆ ಯಾವ ಕೀ ಕೊಟ್ಟಿದ್ದೆ ಅನ್ನೋ ಪುಸ್ತಕನೇ ಮರೆತುಬಿಡತ್ತೆ. ಆಫ್ ಆನ್ ಮಾಡಿದ್ರೆ ಸರಿಹೋಗತ್ತೆ, ಮಾರನೇ ದಿನ ಮತ್ತೆ ಅದೇ ಹೊತ್ತಿಗೆ ಕೈಕೊಡತ್ತೆ ಅಂದ್ರೆ ಮೊದಲು ಅನುಮಾನ ಪಡ್ಬೇಕಾಗಿರೋದು ಇದನ್ನೇ.

ಸರಿ ಮಾಡೋದು ಹೀಗೆ. ಬ್ರೌಸರಲ್ಲಿ ರೂಟರಿನ ವಿಳಾಸ ಹಾಕಿ, ಸಾಮಾನ್ಯವಾಗಿ `192.168.1.1` ಅಥವಾ `192.168.0.1`, ರೂಟರಿನ ಕೆಳಗಡೆ ಸ್ಟಿಕ್ಕರಲ್ಲಿ ಬರೆದಿರತ್ತೆ. ಒಳಗೆ `LAN` ಅಥವಾ `DHCP Server` ಅನ್ನೋ ಪೇಜಿರತ್ತೆ. ನಾವು ಹಾಕಿದ್ದು ಇದು:

```
Start IP   : 192.168.1.20
End IP     : 192.168.1.250
Lease Time : 120 minutes
```

ಇದರಿಂದ 231 ವಿಳಾಸ ಸಿಗತ್ತೆ. ಕೆಲವು ರೂಟರಲ್ಲಿ ಲೀಸ್ ಟೈಮನ್ನ, ಅಂದ್ರೆ ಕೀ ಒಬ್ಬರ ಹೆಸರಲ್ಲಿರೋ ಹೊತ್ತನ್ನ, ಸೆಕೆಂಡಲ್ಲಿ ಕೇಳತ್ತೆ, ಆಗ 7200 ಹಾಕಿ. ಇಲ್ಲೊಂದು ಮಾತು, ಬರೀ ಟೈಮ್ ಕಮ್ಮಿ ಮಾಡಿ 50 ವಿಳಾಸವನ್ನ ಹಾಗೇ ಬಿಟ್ಟಿದ್ರೆ ತೊಂದರೆ ಹೋಗ್ತಿರಲಿಲ್ಲ. ನಾಲ್ಕಕ್ಕೆ ಬಂದ ಮಗುವಿನ ಕೀ ಆರರ ತನಕ ಇದ್ದೇ ಇರತ್ತೆ, ನಡುವೆ ಫೋನ್ ಅದನ್ನ ರಿನ್ಯೂ ಮಾಡ್ಕೊಂಡ್ರೆ ಇನ್ನೂ ಮುಂದಕ್ಕೆ ಹೋಗತ್ತೆ, ಬ್ಯಾಚು ಗಂಟೆಗೊಂದು ಬರೋದ್ರಿಂದ ಒಂದೇ ಟೈಮಲ್ಲಿ ಮೂರು ಬ್ಯಾಚಿನ ಕೀನೂ ಬಾಕಿ ಇರಬಹುದು. ಅದಕ್ಕೇ ಎರಡನ್ನೂ ಬದಲಾಯಿಸಿ. ಇನ್ನೊಂದು ಕಾರಣನೂ ಇದೆ: ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನುಗಳು, ರೂಟರ್ ಗುರುತು ಹಿಡಿಯೋ ನಂಬರಾದ ತಮ್ಮ ನಿಜವಾದ ಮ್ಯಾಕ್ ವಿಳಾಸ ತೋರಿಸದೆ ಒಂದು ಸುಳ್ಳು ವಿಳಾಸ ತೋರಿಸ್ತಾವೆ, ಯಾರಾದ್ರೂ `Forget` ಒತ್ತಿ ಮತ್ತೆ ಸೇರಿದ್ರೆ ಕೆಲವು ಫೋನು ರೂಟರಿಗೆ ಹೊಸ ಅತಿಥಿ ಥರಾನೇ ಕಾಣತ್ತೆ, ಇನ್ನೊಂದು ಕೀ ಹೋಗತ್ತೆ. ಇದೇ ಕಾರಣಕ್ಕೆ ಮ್ಯಾಕ್ ವಿಳಾಸ ಬರೆದಿಟ್ಟುಕೊಂಡು ಮಕ್ಕಳನ್ನ ಒಬ್ಬೊಬ್ಬರನ್ನೇ ಸೇರಿಸೋ ಸಾಹಸಕ್ಕೆ ಕೈ ಹಾಕ್ಬೇಡಿ.

## ಗಾಳಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡ್ಬೇಕು

ವಿಳಾಸ ಸರಿ ಆದ ಮೇಲೆ ಮೂವತ್ತೂ ಫೋನ್ ಸೇರಿದ್ವು. ಸೇರಿದ್ವು, ಆದ್ರೆ ಓಡ್ಲಿಲ್ಲ. ಪಿಡಿಎಫ್ ಇಳಿಯೋಕೆ ಎರಡು ಮೂರು ನಿಮಿಷ. ಇಲ್ಲಿಂದ ಅಸಲಿ ವೈಫೈ ತೊಂದರೆ ಶುರು.

ಒಂದು ಚಾನಲ್ಲಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡ್ಬಹುದು, ಕ್ಲಾಸಲ್ಲಿ ಕೈ ಎತ್ತಿ ಒಬ್ಬೊಬ್ಬರೇ ಉತ್ತರ ಹೇಳಿದ ಹಾಗೆ. ಒಬ್ಬ ಹುಡುಗ ಪಟಪಟ ಅಂತ ಹೇಳಿ ಕೂತ್ರೆ ತೊಂದರೆ ಇಲ್ಲ, ಒಬ್ಬ ತೊದಲ್ತಾ ತೊದಲ್ತಾ ಹತ್ತು ನಿಮಿಷ ತಗೊಂಡ್ರೆ ಉಳಿದ 29 ಜನನೂ ಕಾಯ್ಬೇಕು. ಫೋನಲ್ಲೂ ಹಾಗೇ. ರೂಟರ್ ಹತ್ರ ಇರೋ ಒಳ್ಳೆ ಫೋನು 200 ಎಂಬಿಪಿಎಸ್ ಲಿಂಕಲ್ಲಿ ಇದ್ರೆ ನಿಜವಾಗಿ ಅದರರ್ಧ ಸಿಗತ್ತೆ ಅಂದ್ಕೊಳ್ಳಿ, 5 ಎಂಬಿ ಅಂದ್ರೆ 40 ಮೆಗಾಬಿಟ್, 0.4 ಸೆಕೆಂಡಲ್ಲಿ ಮುಗೀತು. ಎರಡು ಗೋಡೆ ಆಚೆ ಸಿಗ್ನಲ್ ಒದ್ದಾಡ್ತಿರೋ ಫೋನು 6 ಎಂಬಿಪಿಎಸ್ ಲಿಂಕಲ್ಲಿದ್ರೆ ಸಿಗೋದು 4, ಅದೇ ಪಿಡಿಎಫಿಗೆ 10 ಸೆಕೆಂಡ್ ಗಾಳಿಯನ್ನ ಅದೊಂದೇ ಹಿಡ್ಕೊಂಡಿರತ್ತೆ. ಅಂದ್ರೆ ಒಂದು ನಿಧಾನದ ಫೋನು 25 ಚುರುಕು ಫೋನುಗಳ ಟೈಮ್ ತಿಂತು. ಏರ್‌ಟೈಮನ್ನ ಸಮಾನವಾಗಿ ಹಂಚೋ ರೂಟರುಗಳಿವೆ, ಅವು ಸ್ವಲ್ಪ ಸಹಾಯ ಮಾಡತ್ತೆ, ಆದ್ರೆ ಫೋನು ಕಳಿಸೋ ಕಡೆಯಿಂದ ಬರೋ ನಿಧಾನಕ್ಕೆ ಅವೂ ಹೆಚ್ಚೇನೂ ಮಾಡೋಕಾಗಲ್ಲ.

ಅದಕ್ಕೇ ಡಬ್ಬಿ ಮೇಲೆ 128 ಡಿವೈಸ್ ಅಂತ ಬರೆದಿದ್ರೆ ಅದನ್ನ ನೋಡಿ ಮರುಳಾಗ್ಬೇಡಿ, ಅದು ಎಷ್ಟು ಫೋನ್ ಸೇರ್ಕೋಬಹುದು ಅನ್ನೋ ಲೆಕ್ಕ, ಎಷ್ಟು ಫೋನ್ ಕೆಲಸ ಮಾಡತ್ತೆ ಅನ್ನೋದಲ್ಲ. ಇಲ್ಲಿಂದ ಮುಂದೆ ಮಾಡೋ ಎಲ್ಲಾ ಕೆಲಸದ ಉದ್ದೇಶ ಒಂದೇ, ಯಾವ ಫೋನೂ ತೊದಲದ ಹಾಗೆ ನೋಡ್ಕೊಳ್ಳೋದು.

## ಡಬ್ಬಿಯನ್ನ ಕ್ಲಾಸ್ ರೂಮಿಗೇ ತನ್ನಿ

ಅಕ್ಕನ ಮನೇಲಿ ರೂಟರ್ ಇದ್ದಿದ್ದು ಮುಂದಿನ ಹಾಲಲ್ಲಿ, ಟಿವಿ ಹಿಂದೆ. ಕ್ಲಾಸು ನಡೆಯೋದು ಹಿಂದಿನ ರೂಮಲ್ಲಿ, ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. ಬೀರು ಅಂದ್ರೆ ಸಿಗ್ನಲ್ಲಿಗೆ ಕೋಟೆ ಗೋಡೆ ಥರ. ಯಾರೋ ಹೇಳಿದ್ರು ಅಂತ ಎಕ್ಸ್‌ಟೆಂಡರ್ ಒಂದನ್ನ ತಂದು ನಡುವೆ ಹಾಕಿದ್ಲು, ಅದು ಫೋನಿನಿಂದ ಕೇಳಿದ್ದನ್ನ ಅದೇ ಗಾಳಿಯಲ್ಲಿ ರೂಟರಿಗೆ ಇನ್ನೊಂದು ಸಲ ಹೇಳ್ಬೇಕು, ಅಂದ್ರೆ ಪ್ರತಿ ಮಾತೂ ಎರಡು ಸಲ. ನಾಲ್ಕು ಕಡ್ಡಿ ಸಿಗ್ನಲ್ ತೋರಿಸತ್ತೆ, ಸ್ಪೀಡು ಅರ್ಧ. ಮೂವತ್ತು ಜನಕ್ಕೆ ಎಕ್ಸ್‌ಟೆಂಡರ್ ಬೇಡವೇ ಬೇಡ, ಇದ್ರಲ್ಲಿ ನಾನು ಸ್ವಲ್ಪ ಹಠಮಾರಿ.

ಹಾಲಿನ ರೂಟರಿಂದ ಕ್ಲಾಸ್ ರೂಮಿಗೆ ನೆಟ್‌ವರ್ಕ್ ಕೇಬಲ್ ಎಳೀರಿ. ಕ್ಯಾಟ್ 6 ಕೇಬಲ್ಲು 100 ಮೀಟರ್ ತನಕ ಆರಾಮಾಗಿ ಹೋಗತ್ತೆ, ಮನೆ ಒಳಗೆ ಅಷ್ಟು ಬೇಕಾಗಲ್ಲ, ನಮಗೆ 18 ಮೀಟರ್ ಹಿಡೀತು. ಆ ಕಡೆ ತುದಿಗೆ ಒಂದು ಆಕ್ಸೆಸ್ ಪಾಯಿಂಟ್, ಅಂದ್ರೆ ವೈಫೈ ಸಿಗ್ನಲ್ ಮಾತ್ರ ಹರಡೋ ಡಬ್ಬಿ. ಹೊಸದು ತಗೊಳ್ಳೋದಾದ್ರೆ 2.4, 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಇರೋ ವೈಫೈ 6 ತಗೊಳ್ಳಿ, ಸೀಲಿಂಗಿಗೆ ಹಾಕೋ ಥರದ್ದಾದ್ರೆ ಕರೆಂಟೂ ಅದೇ ಕೇಬಲ್ಲಲ್ಲಿ ಹೋಗತ್ತೆ, ಹತ್ರ ಪ್ಲಗ್ ಪಾಯಿಂಟ್ ಹುಡುಕೋ ಕೆಲಸ ಇಲ್ಲ. ವೈಫೈ 6ರಲ್ಲಿ ಸಣ್ಣ ಸಣ್ಣ ಮಾತುಗಳನ್ನ ಒಂದೇ ಸರದಿಯಲ್ಲಿ ಹಲವರಿಗೆ ಹಂಚೋ ವಿದ್ಯೆ ಇದೆ, ಆದ್ರೆ ಅದು ನಡೆಯೋದು ಫೋನೂ ವೈಫೈ 6 ಆಗಿದ್ರೆ ಮಾತ್ರ, ಮಕ್ಕಳ ಹತ್ರ ಇರೋದು ಹೆಚ್ಚಾಗಿ ಮನೆಯವರ ಹಳೇ ಫೋನು. ಅದಕ್ಕೇ ಅದೊಂದರ ಮೇಲೇ ಆಸೆ ಇಟ್ಕೋಬೇಡಿ.

ನಾವು ಹೊಸದು ತಗೊಳ್ಳಲಿಲ್ಲ, ನನ್ನ ಹತ್ರ ಎರಡೂ ಬ್ಯಾಂಡಿನ ಹಳೇ ರೂಟರ್ ಒಂದಿತ್ತು, ಅದನ್ನೇ ಆಕ್ಸೆಸ್ ಪಾಯಿಂಟ್ ಮಾಡಿದ್ವಿ. ಅದರ ಸೆಟ್ಟಿಂಗಲ್ಲಿ `Access Point` ಮೋಡ್ ಇದ್ರೆ ಅದನ್ನ ಆರಿಸಿದ್ರೆ ಆಯ್ತು. ಇಲ್ಲಾಂದ್ರೆ ಮೂರು ಕೆಲಸ: ಹಳೇ ರೂಟರಿನ ವಿಳಾಸವನ್ನ `192.168.1.2` ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನ `WAN` ತೂತಿಗೆ ಹಾಕದೆ `LAN` ತೂತಿಗೆ ಹಾಕಿ.

ಎರಡನೇ ಕೆಲಸ ನಾನು ಮರೆತೆ. ಮಾಡಿದೀನಿ ಅಂದ್ಕೊಂಡಿದ್ದೆ, ಸೇವ್ ಒತ್ತಿರಲಿಲ್ಲ. ಅವತ್ತು ಸಂಜೆ ಕ್ಲಾಸಲ್ಲಿ ವಿಚಿತ್ರ, ಒಂದೇ ಬೆಂಚಲ್ಲಿ ಕೂತ ಇಬ್ಬರಲ್ಲಿ ಒಬ್ಬಂಗೆ ಬರ್ತಿದೆ, ಇನ್ನೊಬ್ಬಂಗೆ "ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ" ಅಂತ. ಕೀ ಕೊಡೋ ಕೌಂಟರ್ ಎರಡು ತೆರೆದಿತ್ತು, ಯಾವ ಫೋನಿಗೆ ಯಾವ ಕೌಂಟರ್ ಮೊದಲು ಉತ್ತರ ಕೊಡತ್ತೋ ಅದರ ಪ್ರಕಾರ ನಡೀತಿತ್ತು. ಹಳೇ ರೂಟರಿಂದ ಕೀ ಪಡೆದ ಫೋನು ಆಚೆ ಹೋಗೋಕೆ ದಾರಿ ಅದೇ ಅಂದ್ಕೊಳ್ಳತ್ತೆ, ಅದಕ್ಕೆ ಆಚೆಗೆ ದಾರಿನೇ ಇಲ್ಲ. ಫೋನಿನ ವೈಫೈ ಡೀಟೇಲ್ಸಲ್ಲಿ `Gateway` ಅಥವಾ `Router` ಅಂತ ಇರೋ ಸಾಲು ನೋಡಿ, ನಡೀತಿರೋ ಫೋನಲ್ಲಿ `192.168.1.1`, ನಡೀದ ಫೋನಲ್ಲಿ `192.168.1.2` ಇದ್ರೆ ಇದೇ ತಪ್ಪು. ನಾನು ಅರ್ಧ ಗಂಟೆ ಚಾನಲ್ ಬದಲಾಯಿಸ್ತಾ ಕೂತಿದ್ದೆ, ಅಕ್ಕ ಕೊನೆಗೆ "ಮೊದಲೇ ಚೆನ್ನಾಗಿತ್ತು ಕಣೋ" ಅಂದಾಗ ಹೊಳೀತು.

ಎಲ್ಲಿ ಹಾಕೋದು ಅಂದ್ರೆ, ಎತ್ತರದಲ್ಲಿ. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ, ನೀರು ಈ ಸಿಗ್ನಲ್ಲನ್ನ ಹೀರತ್ತೆ, ಮೇಜಿನ ಮೇಲೆ ಇಟ್ರೆ ಮೂವತ್ತು ಮೈಗಳ ನಡುವೆ ತೂರ್ಕೊಂಡು ಹಿಂದಿನ ಬೆಂಚಿಗೆ ಹೋಗ್ಬೇಕು. ಖಾಲಿ ರೂಮಲ್ಲಿ ಟೆಸ್ಟ್ ಮಾಡಿ ಸೂಪರ್ ಅಂದ್ಕೊಂಡಿದ್ದು ಕ್ಲಾಸ್ ತುಂಬಿದಾಗ ಮಂಕಾಗೋದು ಇದಕ್ಕೂ ಹೌದು. ಗೋಡೆಗೆ ಎರಡು, ಎರಡೂವರೆ ಮೀಟರ್ ಎತ್ತರದಲ್ಲಿ, ಮಕ್ಕಳ ತಲೆ ಮೇಲಿಂದ ಕಾಣೋ ಹಾಗೆ ಹಾಕಿ.

## ಚಾನಲ್ಲು, ಬ್ಯಾಂಡು

2.4 ಗಿಗಾಹರ್ಟ್ಸಲ್ಲಿ ಒಂದರ ಮೇಲೊಂದು ಬೀಳದ ಚಾನಲ್ಲು ಮೂರೇ: 1, 6, 11. ಅಕ್ಕಪಕ್ಕದ ಮನೆಗಳ ರೂಟರೆಲ್ಲಾ ಇಲ್ಲೇ ಕಿತ್ತಾಡ್ತಿರತ್ತೆ, ಬ್ಲೂಟೂತೂ ಇಲ್ಲೇ. ಮೂವತ್ತು ಫೋನಿಗೆ ಈ ಜಾಗ ಸಾಲಲ್ಲ. 5 ಗಿಗಾಹರ್ಟ್ಸಲ್ಲಿ ಜಾಗ ಜಾಸ್ತಿ, ದೂರ ಕಮ್ಮಿ, ಗೋಡೆ ದಾಟೋದು ಕಷ್ಟ, ಆದ್ರೆ ಡಬ್ಬಿ ಅದೇ ರೂಮಲ್ಲಿ ಇರೋದ್ರಿಂದ ಗೋಡೆ ದಾಟದೇ ಇರೋದೇ ಒಳ್ಳೇದು, ಪಕ್ಕದ ಮನೆ ಗಲಾಟೆ ಒಳಗೆ ಬರಲ್ಲ.

5ರಲ್ಲಿ ಚಾನಲ್ `Auto` ಬಿಡದೆ 36, 40, 44, 48 ಇವುಗಳಲ್ಲಿ ಒಂದನ್ನ ಹಾಕಿ, ಚಾನಲ್ ಅಗಲ 40 ಮೆಗಾಹರ್ಟ್ಸ್. ಸುತ್ತ ಬೇರೆ ರೂಟರ್ ಅಷ್ಟಾಗಿ ಇಲ್ಲ ಅಂದ್ರೆ 80 ಇಡಬಹುದು. 52ರಿಂದ 144ರ ತನಕದ ಚಾನಲ್ಲುಗಳು ರೇಡಾರ್ ಜೊತೆ ಹಂಚ್ಕೊಳ್ಳೋ ಜಾಗ, ಅಲ್ಲಿ ರೂಟರ್ ಕಮ್ಮಿ ಅಂದ್ರೂ ಒಂದು ನಿಮಿಷ ಸುಮ್ಮನೆ ಕೇಳಿಸ್ಕೊಂಡು ಆಮೇಲೆ ಶುರು ಮಾಡ್ಬೇಕು, ಮಧ್ಯದಲ್ಲಿ ರೇಡಾರ್ ಅನ್ನಿಸಿದ್ರೆ ಜಾಗ ಖಾಲಿ ಮಾಡ್ಬೇಕು, ಟೆಸ್ಟ್ ನಡೀತಿರೋವಾಗ ಮೂವತ್ತು ಫೋನೂ ಒಟ್ಟಿಗೆ ಬಿದ್ದುಹೋಗೋದು ಬೇಡ. 2.4ರಲ್ಲಿ ಚಾನಲ್ 1, 6, 11ರಲ್ಲಿ ಯಾವುದು ಖಾಲಿ ಅನ್ಸತ್ತೋ ಅದು, ಅಗಲ 20.

ಹೆಸರು ಬೇರೆ ಬೇರೆ ಕೊಡಿ. ಎರಡಕ್ಕೂ ಒಂದೇ ಹೆಸರಿಟ್ಟು ರೂಟರೇ ಆರಿಸ್ಲಿ ಅಂತ ಬಿಡೋ ಆಪ್ಷನ್ ಇದೆ, ಒಳ್ಳೆ ಆಕ್ಸೆಸ್ ಪಾಯಿಂಟಲ್ಲಿ ಅದು ಸರಿಯಾಗೂ ಇರತ್ತೆ, ನಮ್ಮ ಹಳೇ ಡಬ್ಬೀಲಿ ಅರ್ಧ ಫೋನು ಹೋಗಿ 2.4ರಲ್ಲೇ ಕೂತ್ಕೊಳ್ತಿತ್ತು. ನಾನು ಮೊದಲು `Tuition-5G` ಅಂತ ಹೆಸರಿಟ್ಟೆ, ಅದು ತಪ್ಪಾಯ್ತು, "ಅಂಕಲ್ ನಂದು 4ಜಿ ಫೋನು, ಬರಲ್ಲ" ಅಂತ ಎಂಟು ಜನ ಸೇರ್ಲೇ ಇಲ್ಲ. ಆಮೇಲೆ `Tuition-Fast`, `Tuition-Old` ಅಂತ ಮಾಡಿದ್ವಿ. ಲಿಸ್ಟಲ್ಲಿ `Fast` ಕಾಣಿಸೋರೆಲ್ಲಾ ಅದಕ್ಕೇ, ಕಾಣಿಸದೇ ಇರೋರು ಮಾತ್ರ `Old`ಗೆ. ಮೂವತ್ತರಲ್ಲಿ ನಾಲ್ಕು ಫೋನು `Old`ಗೆ ಹೋಯ್ತು, ಉಳಿದ 26 `Fast`ಗೆ. ತೊದಲೋರಿಗೆ ಬೇರೆ ರೂಮ್ ಕೊಟ್ಟ ಹಾಗಾಯ್ತು, ಅವರಿಗಾಗಿ ಬೇರೆಯವರು ಕಾಯೋದು ತಪ್ತು.

ಸೆಕ್ಯೂರಿಟಿ `WPA2-PSK`, `AES`. `TKIP` ಅಂತ ಎಲ್ಲಾದ್ರೂ ಇದ್ರೆ ತೆಗೀರಿ, ಅದಿದ್ರೆ ಸ್ಪೀಡು 54 ಎಂಬಿಪಿಎಸ್ ಮೇಲೆ ಹೋಗಲ್ಲ. ಬರೀ `WPA3` ಇಟ್ರೆ ಹಳೇ ಫೋನು ಸೇರಲ್ಲ.

ಇನ್ನೊಂದು, ಮಕ್ಕಳ ಮೊಬೈಲ್ ಹಾಟ್‌ಸ್ಪಾಟ್. ನಾಲ್ಕೈದು ಜನ ಹಾಟ್‌ಸ್ಪಾಟ್ ಆನ್ ಇಟ್ಕೊಂಡು ಕೂತ್ರೆ ಕ್ಲಾಸ್ ಒಳಗೇ ನಾಲ್ಕೈದು ರೂಟರ್ ಇದ್ದ ಹಾಗೆ. ಆಫ್ ಮಾಡಿಸಿ.

## ಒಬ್ಬೊಬ್ಬರಿಗೆ ಎಷ್ಟು ಅಂತ ಕಟ್ಟು

ಈಗ ಆ ಅಪ್‌ಲೋಡ್ ವಿಷ್ಯ. ಮಗು ವೈಫೈಗೆ ಸೇರಿದ ತಕ್ಷಣ ಫೋನಿಗೆ ಖುಷಿಯೋ ಖುಷಿ, ಆ್ಯಪ್ ಅಪ್‌ಡೇಟ್ ಶುರು, ವಾರದಿಂದ ತೆಗೆದ ಫೋಟೋ ಎಲ್ಲಾ ಬ್ಯಾಕಪ್ ಶುರು. ಹುಡುಗನಿಗೆ ಗೊತ್ತೂ ಇರಲ್ಲ. ಅಂಥ ಐದಾರು ಫೋನು ಸಾಕು 20 ಎಂಬಿಪಿಎಸ್ ಅಪ್‌ಲೋಡ್ ತುಂಬೋಕೆ.

ರೂಟರಲ್ಲಿ `QoS` ಅಥವಾ `Bandwidth Control` ಅನ್ನೋ ಪೇಜ್ ಹುಡುಕಿ. ಎರಡು ಕೆಲಸ. ಮೊದಲನೇದು, ಒಟ್ಟು ಲೈನನ್ನ ನಿಜವಾದ ಸ್ಪೀಡಿನ 90 ಪರ್ಸೆಂಟಿಗೆ ಕಟ್ಟಿ, ನಮ್ಮದ್ರಲ್ಲಿ ಡೌನ್‌ಲೋಡ್ 90, ಅಪ್‌ಲೋಡ್ 18. ಹೀಗೆ ಮಾಡಿದ್ರೆ ಕ್ಯೂ ಕಂಪನಿಯವರ ಡಬ್ಬಿ ಒಳಗೆ ಕಟ್ಟಲ್ಲ, ನಿಮ್ಮ ರೂಟರಲ್ಲೇ ಕಟ್ಟತ್ತೆ, ಅದು ಸಣ್ಣ ರಿಕ್ವೆಸ್ಟುಗಳನ್ನ ಮುಂದೆ ಬಿಡಬಹುದು. ಎರಡನೇದು, ಪ್ರತಿ ಫೋನಿಗೆ ಡೌನ್‌ಲೋಡ್ 3, ಅಪ್‌ಲೋಡ್ 1. ಮೂವತ್ತಕ್ಕೆ ಅಪ್‌ಲೋಡ್ 30 ಆಯ್ತಲ್ಲ, ಲೈನ್ ಇರೋದು 20 ತಾನೇ ಅಂದ್ರೆ, ಮೂವತ್ತೂ ಜನ ಒಂದೇ ಸೆಕೆಂಡಲ್ಲಿ ಫೋಟೋ ಕಳಿಸಲ್ಲ, ಬ್ಯಾಕಪ್ ಮಾಡೋ ಐದಾರು ಫೋನನ್ನ ತಡೆಯೋದೇ ಇದರ ಉದ್ದೇಶ. 3 ಎಂಬಿ ಫೋಟೋ 1 ಎಂಬಿಪಿಎಸ್ಸಲ್ಲಿ 24 ಸೆಕೆಂಡ್ ತಗೊಳ್ಳತ್ತೆ, ಪಿಡಿಎಫ್ 13 ಸೆಕೆಂಡ್, ಯಾರೂ ಕಂಪ್ಲೇಂಟ್ ಹೇಳಲಿಲ್ಲ. ಈ ಪೇಜೇ ಇಲ್ಲದ ರೂಟರ್ ಆದ್ರೆ ಮಕ್ಕಳ ಫೋನಲ್ಲಿ ವೈಫೈ ಸೆಟ್ಟಿಂಗಿಗೆ ಹೋಗಿ ನೆಟ್‌ವರ್ಕನ್ನ `Metered` ಅಂತ ಗುರುತು ಮಾಡ್ಸಿ, ಐಫೋನಲ್ಲಿ `Low Data Mode`. ಹೆಚ್ಚಿನ ಬ್ಯಾಕಪ್ಪು, ಅಪ್‌ಡೇಟು ಆಗ ಸುಮ್ಮನಿರತ್ತೆ.

ಆಮೇಲೆ ಪಾಸ್‌ವರ್ಡ್. ಮಕ್ಕಳಿಗೆ ಗೆಸ್ಟ್ ನೆಟ್‌ವರ್ಕ್, ಮನೆಯವರಿಗೆ ಬೇರೆ. `AP Isolation` ಆನ್ ಮಾಡಿದ್ರೆ ಒಂದು ಫೋನಿಗೆ ಇನ್ನೊಂದು ಫೋನ್ ಕಾಣಲ್ಲ, ಒಳ್ಳೇದು, ಆದ್ರೆ ಟೀಚರ್ ಫೋನಿಂದ ಟಿವಿಗೆ ಕಾಸ್ಟ್ ಮಾಡೋದಿದ್ರೆ ಆ ಫೋನೂ ಟಿವಿನೂ ಮನೆ ನೆಟ್‌ವರ್ಕಲ್ಲೇ ಇರ್ಲಿ. ಕೆಲವು ಹಳೇ ರೂಟರನ್ನ ಆಕ್ಸೆಸ್ ಪಾಯಿಂಟ್ ಮಾಡಿದಾಗ ಗೆಸ್ಟ್ ಅನ್ನೋದು ಬರೀ ಹೆಸರಿಗಷ್ಟೇ ಇರತ್ತೆ, ಮಕ್ಕಳ ಫೋನಿಂದ `192.168.1.1` ತೆರೆದು ನೋಡಿ, ಲಾಗಿನ್ ಪೇಜ್ ಬಂದ್ರೆ ತಡೆ ಇಲ್ಲ ಅಂತರ್ಥ, ಅಡ್ಮಿನ್ ಪಾಸ್‌ವರ್ಡನ್ನಾದ್ರೂ ಇವತ್ತೇ ಬದಲಾಯಿಸಿ. ಮೂವತ್ತು ಜನಕ್ಕೆ ಪಾಸ್‌ವರ್ಡ್ ಬಾಯಲ್ಲಿ ಹೇಳೋ ಬದಲು ಈ ಸಾಲನ್ನ ಯಾವುದಾದ್ರೂ ಕ್ಯೂಆರ್ ಮಾಡೋ ಆ್ಯಪಿಗೆ ಹಾಕಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ:

```
WIFI:T:WPA;S:Tuition-Fast;P:nimma-password;;
```

## ಕ್ಲಾಸ್ ತುಂಬಿದಾಗಲೇ ಟೆಸ್ಟ್ ಮಾಡಿ

ರಾತ್ರಿ ಒಬ್ಬರೇ ಕೂತು ಸ್ಪೀಡ್ ಟೆಸ್ಟ್ ಮಾಡಿದ್ರೆ ಏನೂ ಗೊತ್ತಾಗಲ್ಲ. ಮೂವತ್ತೂ ಮಕ್ಕಳು ಕೂತಿರೋವಾಗ ಒಂದು ಲ್ಯಾಪ್‌ಟಾಪನ್ನ `Tuition-Fast`ಗೆ ಸೇರಿಸಿ ಎರಡು ಕಮಾಂಡ್ ಪ್ರಾಂಪ್ಟ್ ವಿಂಡೋ ತೆರೀರಿ, ಗೆಸ್ಟ್ ತಡೆ ಇದ್ರೆ ಆ ಹೊತ್ತಿಗೆ ಮಾತ್ರ ತೆಗೆದಿಡಿ, ಇಲ್ಲಾಂದ್ರೆ ಮೊದಲನೇದಕ್ಕೆ ಉತ್ತರನೇ ಬರದೇ ಇರಬಹುದು. ವಿಂಡೋಸಲ್ಲಿ ಹೀಗೆ, ಒಂದೊಂದು ವಿಂಡೋದಲ್ಲಿ ಒಂದೊಂದು ಸಾಲು:

```
ping -t 192.168.1.1
ping -t 8.8.8.8
```

ಮೊದಲನೇದು ಲ್ಯಾಪ್‌ಟಾಪಿಂದ ರೂಟರ್ ತನಕ ಎಷ್ಟು ಹೊತ್ತು ಅಂತ ಹೇಳತ್ತೆ, ಎರಡನೇದು ಆಚೆ ಇಂಟರ್ನೆಟ್ ತನಕ. ಈಗ ಎಲ್ಲರಿಗೂ ಒಟ್ಟಿಗೆ ಪಿಡಿಎಫ್ ಇಳಿಸೋಕೆ ಹೇಳಿ, ಆಮೇಲೆ ಎಲ್ಲರಿಗೂ ಒಟ್ಟಿಗೆ ಫೋಟೋ ಕಳಿಸೋಕೆ ಹೇಳಿ, ನಂಬರ್ ನೋಡ್ತಾ ಇರಿ. ಮೊದಲನೇ ವಿಂಡೋದಲ್ಲೇ ನೂರಿನ್ನೂರು ಮಿಲಿಸೆಕೆಂಡ್ ದಾಟ್ತಿದೆ, ನಡುನಡುವೆ `Request timed out` ಬರ್ತಿದೆ ಅಂದ್ರೆ ತೊಂದರೆ ಗಾಳಿಯಲ್ಲಿ, ಡಬ್ಬಿ ಜಾಗ, ಚಾನಲ್ಲು, ಬ್ಯಾಂಡು ನೋಡಿ, ಪ್ಲಾನ್ ಬದಲಾಯಿಸಿ ಪ್ರಯೋಜನ ಇಲ್ಲ. ಮೊದಲನೇದು ಹತ್ತಿಪ್ಪತ್ತರಲ್ಲೇ ಇದ್ದು ಎರಡನೇದು ಮಾತ್ರ ಏರ್ತಿದ್ರೆ ಲೈನ್ ತುಂಬಿದೆ, `QoS` ಕಡೆ ಹೋಗಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಪ್ಲಾನ್ ಯೋಚನೆ ಮಾಡಿ.

ಅಕ್ಕನ ಕ್ಲಾಸಲ್ಲಿ ಮೊದಲ ದಿನ ರೂಟರ್ ತನಕದ್ದೇ 300 ದಾಟ್ತಿತ್ತು. ಕೇಬಲ್ಲು, ಎತ್ತರ, ಎರಡು ಹೆಸರು ಎಲ್ಲಾ ಆದ ಮೇಲೆ ಅದೇ ಮೂವತ್ತು ಮಕ್ಕಳು ಪಿಡಿಎಫ್ ಇಳಿಸೋವಾಗ 15ರ ಆಸುಪಾಸು, ಫೋಟೋ ಕಳಿಸೋವಾಗ ಆಚೆ ಕಡೆದು ಮಾತ್ರ 60 ತನಕ ಹೋಗಿ ಇಳೀತು. ಕೊನೇ ಬೆಂಚಿನ ಒಬ್ಬ ಹುಡುಗಂಗೆ ಮಾತ್ರ ಆವಾಗಲೂ ಬರ್ತಿರ್ಲಿಲ್ಲ, ಫೋನ್ ಇಸ್ಕೊಂಡು ನೋಡಿದ್ರೆ ಅವನಿನ್ನೂ ಹಾಲಲ್ಲಿರೋ ಹಳೇ ವೈಫೈ ಹೆಸರಿಗೇ ಅಂಟ್ಕೊಂಡಿದ್ದ. ಅದಕ್ಕೆ `Forget` ಒತ್ತಿ `Fast`ಗೆ ಸೇರಿಸಿದ್ವಿ. ನೀವೂ ಹೊಸ ಹೆಸರು ಇಟ್ಟ ದಿನ ಹಳೇದರ ಪಾಸ್‌ವರ್ಡ್ ಬದಲಾಯಿಸ್ಬಿಡಿ, ಇಲ್ಲಾಂದ್ರೆ ಅರ್ಧ ಫೋನು ಅಭ್ಯಾಸಬಲದಲ್ಲಿ ಅಲ್ಲಿಗೇ ಹೋಗ್ತಾವೆ.